ಉಳಿಯುವುದು 25 ಡಾಲರ್

ರಾತ್ರಿ ಹತ್ತು ದಾಟಿದೆ. ಧಾರವಾಡದಲ್ಲಿ ನಿಮ್ಮ ಬೀದಿಯ ಅಂಗಡಿಗಳೆಲ್ಲ ಬಾಗಿಲು ಹಾಕಿವೆ. ಟೊರಾಂಟೊದಲ್ಲಿ ಈಗ ಮಧ್ಯಾಹ್ನ; ಅಲ್ಲಿನ ಚಹಾ ವ್ಯಾಪಾರಿಯೊಬ್ಬರ ಪ್ಯಾಕೆಟ್ಟುಗಳಿಗೆ ನೀವು ಲೇಬಲ್ ಮಾಡಿಕೊಡುತ್ತಿದ್ದೀರಿ. ಕೆಲಸ ಸಿಕ್ಕಿದ್ದು ಅಪ್‌ವರ್ಕ್‌ನಲ್ಲಿ. ಒಟ್ಟು 400 ಡಾಲರ್, ಎರಡು ಹಂತ. ಮೊದಲನೆಯದಕ್ಕೆ 150 ತುಂಬಿದ್ದಾರೆ, ನೀವು ಫೈಲ್ ಸಲ್ಲಿಸಿಯೂ ಆಗಿದೆ. ಎರಡನೆಯ ಹಂತದ 250 ಇನ್ನೂ ತುಂಬಿಲ್ಲ.

ಚಾಟ್ ಕಿಟಕಿಯಲ್ಲಿ ಹೊಸ ಸಂದೇಶ ಬಂದಿದೆ. ನಿಮ್ಮ ಕೆಲಸ ತುಂಬ ಹಿಡಿಸಿದೆಯಂತೆ. ‘ಇವರಿಗೆ ಯಾಕೆ ಕಮಿಷನ್ ಕೊಡಬೇಕು? ವಾಟ್ಸ್‌ಆ್ಯಪ್ ನಂಬರ್ ಕಳಿಸಿ, ಉಳಿದದ್ದನ್ನು ಪೇಪಾಲ್‌ನಲ್ಲಿ ಹಾಕುತ್ತೇನೆ. ಇಬ್ಬರಿಗೂ ಲಾಭ.’

ಬೆರಳು ಕೀಲಿಮಣೆಯ ಮೇಲಿದೆ. ಅದನ್ನು ಅಲ್ಲೇ ನಿಲ್ಲಿಸಿ, ಮೊದಲು ಲೆಕ್ಕ ಹಾಕಿ. ಈ ಕರಾರಿನಲ್ಲಿ ನಿಮ್ಮಿಂದ ಮುರಿದುಕೊಳ್ಳುವ ಶುಲ್ಕ ಶೇ. 10. ಎಂದರೆ 250ರಲ್ಲಿ ಹೋಗುವುದು 25 ಡಾಲರ್. ಪೇಪಾಲ್ ಕೂಡ ಪುಕ್ಕಟೆ ಅಲ್ಲ. ಅದರ ಶುಲ್ಕ, ಡಾಲರನ್ನು ರೂಪಾಯಿ ಮಾಡುವಾಗಿನ ಕಡಿತ ಎರಡೂ ಸೇರಿದರೆ ಆ 25ರಲ್ಲೂ ಒಂದಷ್ಟು ಕರಗುತ್ತದೆ.

ಈಗ ಆ 25 ಡಾಲರಿಗೆ ನೀವು ಏನನ್ನು ಬಿಟ್ಟುಕೊಡುತ್ತೀರಿ ನೋಡಿ. ಮೊದಲ ಹಂತದ 150 ಡಾಲರ್ ಅವರ ಕೈಯಲ್ಲೂ ಇಲ್ಲ, ನಿಮ್ಮ ಕೈಯಲ್ಲೂ ಇಲ್ಲ, ಎಸ್ಕ್ರೋದಲ್ಲಿ ಕುಳಿತಿದೆ. ಫೈಲ್ ಸಲ್ಲಿಸಿದ ಮೇಲೆ 14 ದಿನ ಅವರು ಏನೂ ಹೇಳದೆ ಸುಮ್ಮನಿದ್ದರೆ ಹಣ ತಾನಾಗಿ ನಿಮಗೆ ಬಿಡುಗಡೆಯಾಗುತ್ತದೆ. ತಿದ್ದುಪಡಿ ಕೇಳಿದರೆ ಆ ಗಡುವು ನಿಲ್ಲುತ್ತದೆ ನಿಜ, ಆದರೆ ತಕರಾರು ಎತ್ತಲು ಒಂದು ಜಾಗವಿರುತ್ತದೆ, ಏನು ಮಾತಾಗಿತ್ತು ಎಂಬುದಕ್ಕೆ ದಾಖಲೆಯಿರುತ್ತದೆ. ವಾಟ್ಸ್‌ಆ್ಯಪ್, ಪೇಪಾಲ್ ದಾರಿ ಹಿಡಿದರೆ ಎರಡನೆಯ ಹಂತಕ್ಕೆ ಇದ್ಯಾವುದೂ ಇಲ್ಲ. ನಿಯಮ ಮುರಿದದ್ದಕ್ಕೆ ಖಾತೆಯೇ ಬಂದ್ ಆದರೆ ವರ್ಷಗಟ್ಟಲೆ ಗಳಿಸಿದ ರೇಟಿಂಗೂ ಹೋಯಿತು.

ಅವರ ಮಾತಿನಲ್ಲಿ ಎರಡು ಬೇಡಿಕೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಅವನ್ನು ಬಿಡಿಸಿ ನೋಡದೆ ಉತ್ತರ ಕೊಡಬಾರದು. ಕರಾರು ಶುರುವಾದ ಮೇಲೆ ಹೊರಗೆ ಮಾತಾಡುವುದಕ್ಕೆ ಅಪ್‌ವರ್ಕ್‌ನಲ್ಲಿ ಅಡ್ಡಿಯಿಲ್ಲ. ಫೈವರ್‌ನಂಥ ಕಡೆ ಅದಕ್ಕೂ ಅವಕಾಶವಿಲ್ಲ. ಆದರೆ ಹಣ ಹೊರಗೆ ಪಡೆಯುವುದು ಅಪ್‌ವರ್ಕ್‌ನಲ್ಲೂ ನಿಷಿದ್ಧ. ಅಲ್ಲಿ ಪರಿಚಯವಾದ ಗ್ರಾಹಕರ ಜತೆ ಎರಡು ವರ್ಷ ಈ ನಿಯಮ ನಡೆಯುತ್ತದೆ. ಅದಕ್ಕೆ ಮೊದಲೇ ನೇರ ವ್ಯವಹಾರ ಬೇಕೆಂದರೆ ಬಿಡುಗಡೆಯ ಶುಲ್ಕ ಕಟ್ಟಿ ಹೊರಬರುವ ದಾರಿ ಇದೆ. ಇದೇ ಮಾತು ಕರಾರಿಗೆ ಮೊದಲೇ ಬಂದಿದ್ದರೆ, ಟೆಲಿಗ್ರಾಂಗೆ ಬನ್ನಿ, ನೋಂದಣಿಗೆ ಡಿಪಾಸಿಟ್ ಕಟ್ಟಿ ಅಂದಿದ್ದರೆ, ಲೆಕ್ಕ ಹಾಕುವ ಅಗತ್ಯವೂ ಇರಲಿಲ್ಲ. ಅದು ವಂಚಕರ ಹಳೆಯ ದಾರಿ.

ಟೈಪ್ ಮಾಡಿ, ಅದೇ ಚಾಟ್‌ನಲ್ಲಿ. ಬರೆಯುವುದು ಇಂಗ್ಲಿಷಿನಲ್ಲಾದರೂ ಹೇಳಬೇಕಾದದ್ದು ಇಷ್ಟು: ‘ಕೆಲಸ ಹಿಡಿಸಿದ್ದು ಸಂತೋಷ. ಹಣವನ್ನು ನಾನು ಅಪ್‌ವರ್ಕ್ ಮೂಲಕವೇ ಪಡೆಯುತ್ತೇನೆ, ಹೊರಗೆ ಪಡೆಯುವುದು ನಿಯಮಕ್ಕೆ ವಿರುದ್ಧ. ಎರಡನೆಯ ಹಂತಕ್ಕೆ 250 ತುಂಬಿದ ದಿನವೇ ಕೆಲಸ ಶುರು ಮಾಡುತ್ತೇನೆ. ಬೇಗ ಮಾತಾಡಬೇಕಿದ್ದರೆ ಇಲ್ಲೇ ಕರೆ ಮಾಡಬಹುದು.’ ಕ್ಷಮೆ ಕೇಳುವುದು ಬೇಡ, ಉಪದೇಶವೂ ಬೇಡ. ‘ಸದ್ಯಕ್ಕೆ ಬೇಡ, ಮುಂದಿನ ಸಲ ನೋಡೋಣ’ ಎಂದಂತೂ ಬರೆಯಲೇಬೇಡಿ. ಅದು ನಿಮ್ಮ ಒಪ್ಪಿಗೆಯ ಸಾಕ್ಷಿಯಾಗಿ ಅಲ್ಲೇ ಉಳಿಯುತ್ತದೆ.

ಸ್ವಲ್ಪ ಹೊತ್ತಿಗೆ ಮರುಮಾತು ಬರುತ್ತದೆ: ‘ಎಲ್ಲರೂ ಹೀಗೇ ಮಾಡೋದು. ನಂಬಿಕೆ ಇಲ್ಲವೇ? ಬೇಕಾದರೆ ಪೂರ್ತಿ 250 ಈಗಲೇ ಮುಂಗಡ ಹಾಕುತ್ತೇನೆ.’

ಕೈ ತಡೆಯಬೇಕಾದದ್ದು ಇಲ್ಲೇ. ಮುಂಗಡ ಎಂದರೆ ಹಣ ಕೈಗೆ ಬಂದಂತೆ ಅನ್ನಿಸುತ್ತದೆ. ಆದರೆ ಪೇಪಾಲ್‌ನಲ್ಲಿ ಹಣ ಕೊಟ್ಟವರು 180 ದಿನದೊಳಗೆ ತಕರಾರು ಹೂಡಬಹುದು. ನೀವು ಲೇಬಲ್ ಕಳಿಸಿ, ಬಂದ ಹಣದಲ್ಲಿ ಬಾಡಿಗೆ ಕಟ್ಟಿ, ತಿಂಗಳುಗಳು ಕಳೆದ ಮೇಲೂ ಆ ಮೊತ್ತ ವಾಪಸ್ ಹೋಗಬಹುದು. ಆಗ ಅಪ್‌ವರ್ಕ್‌ನ ಬಾಗಿಲು ತಟ್ಟಿದರೆ, ಇದು ನಮ್ಮಲ್ಲಿ ನಡೆದ ವ್ಯವಹಾರವಲ್ಲ ಅನ್ನುತ್ತಾರೆ, ಮತ್ತು ಅದು ಸರಿಯೇ.

ಎರಡನೆಯ ಸಲ ವಿವರಣೆ ಬೇಡ. ‘ನನ್ನ ಉತ್ತರ ಅದೇ’ ಎಂದು ಒಂದು ಸಾಲು ಸಾಕು. ನಂತರ ಆ ಸಂದೇಶದ ಮೇಲೆ ರಿಪೋರ್ಟ್ ಒತ್ತಿ. ಚಾಡಿ ಹೇಳಿದಂತಾಯಿತೇ ಎಂದು ಅಳುಕಬೇಡಿ. ಹೊರಗೆ ಹಣ ಕೊಡುವ ಮಾತು ಬಂದರೆ ತಿಳಿಸುತ್ತೇನೆ ಎಂದು ಖಾತೆ ತೆರೆಯುವಾಗಲೇ ನೀವು ಒಪ್ಪಿಕೊಂಡಿದ್ದೀರಿ. ಮುಂದೆ ಯಾರಾದರೂ ಆ ಚಾಟ್ ತೆರೆದು ನೋಡಿದರೆ, ಕೇಳಿದವರು ಯಾರು, ಒಲ್ಲೆ ಎಂದವರು ಯಾರು ಎಂಬುದಕ್ಕೂ ಇದು ಪುರಾವೆ.

ಬೆಳಿಗ್ಗೆ ಕರಾರಿನ ಪುಟ ತೆರೆಯುತ್ತೀರಿ. ಗ್ರಾಹಕರಿಂದ ಉತ್ತರವಿಲ್ಲ. ಮೊದಲ ಹಂತದ 14 ದಿನಗಳ ಲೆಕ್ಕ ಓಡುತ್ತಿದೆ. ಎರಡನೆಯ ಹಂತಕ್ಕೆ ಹಣ ತುಂಬಿದ ಗುರುತು ಕಾಣುವವರೆಗೆ ಒಂದು ಲೇಬಲನ್ನೂ ಮಾಡಬೇಡಿ, ಮಾಡಿಟ್ಟದ್ದಿದ್ದರೆ ಕಳಿಸಬೇಡಿ.