ಕಿವಿಗೆ ರೂಢಿ ಆಗೇದ, ಎದಿಗೆ ಆಗಿಲ್ಲ

ಬೆಂಗಳೂರಾಗ ರೋಡಿಗೆ ಹತ್ತಿದ ಮನ್ಯಾಗ ಇರೋರನ್ನ ಯಾರನ್ನರೆ ಕೇಳ್ರಿ, "ಅಯ್ಯ, ಮೊದಲ ಮೊದಲ ನಿದ್ದಿ ಬರ್ತಿದ್ದಿಲ್ರಿ, ಈಗ ರೂಢಿ ಆಗೇದ" ಅಂತಾರ. ಸುಳ್ಳೇನಲ್ಲ ಅದು. ನಡುರಾತ್ರಿ ಲಾರಿ ಹೋದ್ರೂ ಮಗ್ಗಲು ಬದಲಾಯಿಸದ ಮಲಗಿರ್ತಾರ. ಆದ್ರ ಆ ರೂಢಿ ಆಗೂದು ಕಿವಿಗೆ ಮತ್ತು ಮನಸ್ಸಿಗೆ. ಎದಿಗೆ, ರಕ್ತನಾಳಕ್ಕ ಅಷ್ಟು ಸರಳ ರೂಢಿ ಆಗೂದಿಲ್ಲ. ಬಿಪಿ ಅಂದಕೂಡ್ಲೆ ನಾವು ಉಪ್ಪು, ಉಪ್ಪಿನಕಾಯಿ, ಹಪ್ಪಳ, ಸಿಟ್ಟು ಇಷ್ಟ ಹೇಳ್ತೇವಿ. ಮಲಗೋ ಖೋಲಿ ಯಾವ ಕಡೆ ಅದ ಅಂತ ಯಾರೂ ಕೇಳೂದಿಲ್ಲ. ಅದಕ್ಕ ಇವತ್ತ ಅದನ್ನ ಬರಿಯೋಣಂತ ಕೂತೆ.

ನಿದ್ದಿ ಬಂದ್ರೂ ಕಿವಿ ಬಾಗಲಾ ಹಾಕೂದಿಲ್ಲ. ಕಣ್ಣು ಮುಚ್ಚತದ, ಕಿವಿ ಮುಚ್ಚೂದಿಲ್ಲ. ಕೂಸು ಕುಂಯ್ ಅಂದ್ರ ತಾಯಿಗೆ ಎಚ್ಚರ ಆಗತದಲ್ಲ, ಅದ ಕಾರಣಕ್ಕ. ಜೋರು ಸಪ್ಪಳ ಕಿವಿಗೆ ಬಿತ್ತಂದ್ರ, ನಮಗ ಎಚ್ಚರ ಆಗಲಿ ಬಿಡ್ಲಿ, ಒಳಗ ಮೈ "ಏನೋ ಬಂತು" ಅಂತ ತಯಾರಾಗತದ. ಅಡ್ರಿನಲಿನ್ ಏರ್ತದ, ಎದಿ ಬಡಿತ ಜೋರಾಗತದ, ರಕ್ತನಾಳ ಬಿಗಿ ಆಗತಾವ, ಬಿಪಿ ಒಂದು ಘಳಿಗಿ ಏರಿ ಮತ್ತ ಇಳೀತದ. ಯುರೋಪದಾಗ ನಾಲ್ಕು ದೊಡ್ಡ ವಿಮಾನ ನಿಲ್ದಾಣದ ಸುತ್ತ ಇರೋ 140 ಮಂದಿಗೆ ರಾತ್ರಿ ಮಲಗೂ ಮುಂದ ಬಿಪಿ ಪಟ್ಟಿ ಕಟ್ಟಿ, ಖೋಲಿಯೊಳಗ ಸಪ್ಪಳಾ ಅಳಿಯೋ ಮಶೀನ್ ಇಟ್ಟು ನೋಡಿದ್ರು. 2008ರಾಗ ಅದು ಪ್ರಕಟ ಆತು. ವಿಮಾನ ಹೋದ ಮ್ಯಾಲೆ ಮಲಗಿದ್ದವರ ಮ್ಯಾಲಿನ ಬಿಪಿ ಸರಾಸರಿ 6 ಪಾಯಿಂಟ್ ಏರಿತ್ತು. ರೋಡಿನ ಗಾಡಿ ಸಪ್ಪಳಕ್ಕೂ ಹಂಗ ಏರ್ತಿತ್ತು. ಸಪ್ಪಳ ಯಾತರದ್ದು ಅನ್ನೂದಕ್ಕಿಂತ ಎಷ್ಟು ಜೋರು ಅನ್ನೂದ ಮುಖ್ಯ ಅಂತ ಕಂಡುಬಂತು.

ಒಂದು ರಾತ್ರಿ ಹಂಗಾದ್ರ ಏನೂ ಆಗೂದಿಲ್ಲ. ಮದುವಿ ಮನ್ಯಾಗ ಮಲಗಿ ಎದ್ದು ಬರ್ತೇವಲ್ಲ. ಪ್ರಶ್ನೆ ಇರೂದು ವರ್ಷಗಟ್ಲೆ ಅದ ನಡದ್ರ ಅಂತ. ಬಿಪಿಗೆ ಹಗಲೊಂದು ಲೆಕ್ಕ, ರಾತ್ರಿಯೊಂದು ಲೆಕ್ಕ. ಆರಾಮ ಇದ್ದವರಿಗೆ ರಾತ್ರಿ ನಿದ್ದಿಯೊಳಗ ಬಿಪಿ ಹಗಲಿಗಿಂತ ನೂರಕ್ಕ 10ರಿಂದ 20ರಷ್ಟು ಇಳೀಬೇಕು. ದಿನಾ ಪೂರ್ತಿ ಒಲಿ ಮ್ಯಾಲೆ ಇದ್ದ ಪಾತ್ರಿ ರಾತ್ರಿ ಆರಿದಂಗ. ರಕ್ತನಾಳಕ್ಕ ಅದೊಂದ ವಿಶ್ರಾಂತಿ ಹೊತ್ತು. ಆ ಇಳುವು ಆಗ್ಲಿಲ್ಲಂದ್ರ ರಕ್ತನಾಳ ದಪ್ಪಾಗಿ ಗಡಸು ಆಗತಾವ, ಆಮ್ಯಾಲೆ ಹಗಲಿನ ಬಿಪಿನೂ ಕೆಳಗ ಬರೂದಿಲ್ಲ.

ನಮ್ಮ ವೈನಿದು ಹೇಳ್ತೇನಿ, ಅವರ ಒಪ್ಪಿಗಿ ತೊಗೊಂಡ. ಅವರಿಗೆ 57 ವರ್ಷ. ಬೆಂಗಳೂರಾಗ ರಿಂಗ್ ರೋಡಿನ ಫ್ಲೈಓವರ್ ಬಾಜೂಕ ಮೂರನೇ ಮಜಲಿ ಮ್ಯಾಲೆ ಮನಿ. ಹಗಲ ದೊಡ್ಡ ಲಾರಿ ಊರಾಗ ಬಿಡೂದಿಲ್ಲ, ಹಂಗಾಗಿ ಅವೆಲ್ಲ ರಾತ್ರಿ ಬರ್ತಾವ. ಫ್ಲೈಓವರ್ ಜೋಡಣಿ ಸಂದಿ ಮ್ಯಾಲೆ ಮುಂದಿನ ಗಾಲಿ ಧಡ್, ಹಿಂದಿನ ಗಾಲಿ ಧಡ್. ವೈನಿ ಮಲಗೋ ಖೋಲಿ ಕಿಡಕಿ ಅದರ ಎದುರಿಗೆ. ದಿನಾ ಒಂದು ಬಿಪಿ ಗುಳಿಗಿ ತೊಗೋತಿದ್ರು. ದವಾಖಾನಿಯೊಳಗ ನೋಡಿದಾಗೆಲ್ಲ 138/86, 136/84 ಹಿಂಗ ಬರ್ತಿತ್ತು. "ದಂಡಿ ಮ್ಯಾಲೆ ಅದ, ನಡೀತದ" ಅಂತ ಎರಡು ವರ್ಷ ಹೋತು. ಆದ್ರ ಮುಂಜಾನೆ ಎದ್ದಕೂಡ್ಲೆ ತಲಿ ಭಾರ, ಮನ್ಯಾಗ ನೋಡಿದ್ರ ಮುಂಜಾನೆದ್ದು 148, 150.

ಆವಾಗ ಅವರ ಡಾಕ್ಟರ್ 24 ತಾಸಿನ ಬಿಪಿ ಪಟ್ಟಿ ಕಟ್ಟಿದ್ರು. ಸೊಂಟಕ್ಕ ಒಂದು ಸಣ್ಣ ಡಬ್ಬಿ, ತೋಳಿಗೆ ಪಟ್ಟಿ. ಹಗಲ 20 ನಿಮಿಷಕ್ಕೊಮ್ಮೆ, ರಾತ್ರಿ 30 ನಿಮಿಷಕ್ಕೊಮ್ಮೆ ತಾನ ಬಿಗಿದು ಬರ್ಕೋತದ. ಬಿಗಿಯೋ ಮುಂದ ಕೈ ಅಲ್ಲಾಡಿಸಬಾರದು, ಮಲಗೋದು ಎಷ್ಟಕ್ಕ ಏಳೋದು ಎಷ್ಟಕ್ಕ ಅಂತ ಚೀಟಿ ಮ್ಯಾಲೆ ಬರೀಬೇಕು. ಹಗಲಿನ ಸರಾಸರಿ 134/84 ಬಂತು. ಹಗಲ 135/85ರ ಒಳಗಿದ್ರ ಸರಿ ಅಂತಾರ, ಅಂದ್ರ ಪಾಸ್. ರಾತ್ರಿ ಸರಾಸರಿ 128/78. ರಾತ್ರಿದ್ದು 120/70ರ ಒಳಗಿರಬೇಕು. 134ರಿಂದ 128ಕ್ಕ ಇಳದದ್ದು ಬರೇ 6 ಪಾಯಿಂಟ್, ನೂರಕ್ಕ ನಾಕೂವರೆ. ದವಾಖಾನಿಯ ಹಗಲಿನ ಬಿಪಿ ಎಂದೂ ಇದನ್ನ ತೋರ್ಸಿದ್ದಿಲ್ಲ.

ರಾತ್ರಿ ಬಿಪಿ ಇಳೀಲಿಲ್ಲಂದ್ರ ಸೀದಾ ರೋಡಿನ ಮ್ಯಾಲೆ ಹಾಕಲಿಕ್ಕೆ ಬರೂದಿಲ್ಲ. ಡಾಕ್ಟರ್ ಮೊದಲ ಕೇಳಿದ್ದು ಗೊರಕಿ ಬಗ್ಗೆ. ಗೊರಕಿ ಹೊಡಕೋತ ನಡುವ ಉಸುರು ನಿಲ್ಲೋದು ಇದ್ರ ಅದೂ ಇದಕ್ಕ ದೊಡ್ಡ ಕಾರಣ. ಸಕ್ಕರಿ ರೋಗ, ಕಿಡ್ನಿ ತೊಂದ್ರಿ ಇದ್ರೂ ಹಿಂಗ ಆಗತದ. ಪಟ್ಟಿ ಬಿಗಿಯೋದಕ್ಕ ನಿದ್ದಿ ಕೆಟ್ಟ್ರೂ ಒಂದು ರಾತ್ರಿ ಲೆಕ್ಕ ತಪ್ಪಬಹುದು. ರಕ್ತ, ಮೂತ್ರ ತಪಾಸಣಿ ಎಲ್ಲಾ ಆತು, ಬ್ಯಾರೆ ಏನೂ ಸಿಗಲಿಲ್ಲ. ಆಮ್ಯಾಲೆ ಅವರು ಕೇಳಿದ್ರು: "ಅಮ್ಮಾ, ಮಲಗೋದು ಎಲ್ಲೆ?"

ಮನಿ ಬಿಟ್ಟು ಎಲ್ಲಿಗೆ ಹೋಗಲಿಕ್ಕೆ ಬರ್ತದ್ರಿ? ಖೋಲಿ ಬದಲ ಮಾಡಿದ್ರು. ಹಿಂದಿನ ಸಣ್ಣ ಖೋಲಿಯೊಳಗ ಮೊಮ್ಮಗಂದು ಓದೋ ಮೇಜು ಇತ್ತು, ಅದು ಮುಂದ ಬಂತು, ವೈನಿ ಪಲ್ಲಂಗ ಹಿಂದ ಹೋತು. ಮಗ ಫೋನಿನೊಳಗ ಸಪ್ಪಳಾ ಅಳಿಯೋ ಆಪ್ ಹಾಕಿ ರಾತ್ರಿ ಎರಡೂ ಖೋಲಿಯೊಳಗ ನೋಡಿದ. ಮುಂದಿನ ಖೋಲಿಯೊಳಗ ಕಿಡಕಿ ತಗದಾಗ 60ರ ಸುಮಾರು, ಲಾರಿ ಹೋದಾಗ 75ರ ಮ್ಯಾಲೆ. ಹಿಂದಿನ ಖೋಲಿಯೊಳಗ 45ರ ಹತ್ರ. ಫೋನಿನ ಲೆಕ್ಕ ಅಷ್ಟು ಕರಾರುವಾಕ್ ಅಲ್ಲ, ಆದ್ರ ಎರಡು ಖೋಲಿ ನಡುವಿನ ಫರಕ್ ತಿಳೀಲಿಕ್ಕೆ ಸಾಕು. ಡೆಸಿಬಲ್ ಅನ್ನೂದು ಕಿಲೋ, ಲೀಟರ್ ಇದ್ದಂಗಲ್ಲ. 10 ಏರಿತಂದ್ರ ಕಿವಿಗೆ ಸುಮಾರು ಎರಡು ಪಟ್ಟು ಜೋರು ಕೇಳ್ತದ. ನಮ್ಮ ದೇಶದ 2000ನೇ ಇಸ್ವಿ ನಿಯಮದ ಪ್ರಕಾರ ವಸತಿ ಜಾಗಾದಾಗ ಹಗಲ 55, ರಾತ್ರಿ 10ರಿಂದ ಮುಂಜಾನೆ 6ರ ತನಕ 45 ಡೆಸಿಬಲ್ ದಾಟಬಾರದು. ಕಾಗದ ಮ್ಯಾಲೆ ಅದ.

ಮೂರು ತಿಂಗಳಿಗೆ ಮತ್ತ ಪಟ್ಟಿ ಕಟ್ಟಿದ್ರು. ಗುಳಿಗಿ ಅದ, ಹೊತ್ತೂ ಅದ. ಹಗಲ 131/82, ರಾತ್ರಿ 117/70. ಇಳುವು ನೂರಕ್ಕ 10ರ ಮ್ಯಾಲೆ. ನಾವೆಲ್ಲ ಹಿಗ್ಗಿದ್ವಿ. ಡಾಕ್ಟರ್ ಮಾತ್ರ "ಇದೆಲ್ಲಾ ಖೋಲಿದ್ದ ಅಂತ ತಿಳೀಬ್ಯಾಡ್ರಿ. ಈ ನಡುವ ಉಪ್ಪೂ ಕಡಿಮಿ ಮಾಡೀರಿ, ರಾತ್ರಿಯಿಂದ ರಾತ್ರಿಗೆ ಫರಕೂ ಇರ್ತದ" ಅಂದ್ರು. ಆ ಮಾತು ನನಗ ಸೇರಿತು. ಒಬ್ಬರ ಮೈಯೊಳಗ ಸಪ್ಪಳದ ಪಾಲು ಸಣ್ಣದ. ವಯಸ್ಸು, ತೂಕ, ಉಪ್ಪು ಇವುಗಳ ಪಾಲು ದೊಡ್ಡದು. ಆದ್ರ ಆ ಸಣ್ಣ ಪಾಲು ದಿನಾ ರಾತ್ರಿ ಬರ್ತದ, ಕೇಳದ ಬರ್ತದ.

ಇನ್ನ ಗಾಳಿ. ಸಪ್ಪಳ ಬರೋ ಕಿಡಕಿಯಿಂದನ ಹೊಗಿನೂ ಬರ್ತದ. ಗಾಡಿ ಹೊಗಿಯೊಳಗ ಪಿಎಂ 2.5 ಅನ್ನೂ ಕಣ ಇರ್ತಾವ, ಕೂದಲಿನ ದಪ್ಪಕ್ಕಿಂತ ಸುಮಾರು ಮೂವತ್ತು ಪಟ್ಟು ಸಣ್ಣವು. ಮೂಗಿನ ಕೂದಲ, ಗಂಟಲ ಲೋಳಿ ಇವನ್ನ ತಡೀಲಿಕ್ಕೆ ಆಗೂದಿಲ್ಲ, ಪುಪ್ಪಸದ ತಳಕ್ಕ ಹೋಗತಾವ. ಅಲ್ಲೆ ಉರಿ ಎಬ್ಬಿಸತಾವ, ಆ ಉರಿ ರಕ್ತದಾಗ ಸೇರಿ ರಕ್ತನಾಳದ ಒಳಪದರು ಸಡ್ಲಾಗದಂಗ ಮಾಡತದ. ಅಂದ್ರ ಸಪ್ಪಳ ನರದ ದಾರಿಯಿಂದ ಬಿಗಿ ಮಾಡತದ, ಹೊಗಿ ರಕ್ತದ ದಾರಿಯಿಂದ. ಮುಟ್ಟೋದು ಎರಡೂ ಒಂದ ಕಡೆ. ನಮ್ಮಲ್ಲೆ ವರ್ಷದ ಸರಾಸರಿ 40 ಮೈಕ್ರೋಗ್ರಾಂ ದಾಟಬಾರದು ಅಂತ ಅದ, ವಿಶ್ವ ಆರೋಗ್ಯ ಸಂಸ್ಥೆ 2021ರಾಗ 5 ಅಂತ ಹೇಳೇದ. ನಡುವಿನ ಅಂತರ ನೋಡ್ರಿ.

ಹಂಗಂತ ಕಿಡಕಿ ಕಾಯಂ ಮುಚ್ಚಿ ಇಟ್ರ ಅದೂ ಕಷ್ಟ. ಸಣ್ಣ ಮನಿ, ಐದಾರು ಮಂದಿ, ಒಗ್ಗರಣಿ ಹೊಗಿ, ಊದಿನಕಡ್ಡಿ, ಸೊಳ್ಳಿ ಬತ್ತಿ. ಇವುಗಳ ಹೊಗಿಯೊಳಗೂ ಅವ ಸಣ್ಣ ಕಣ. ಮುಚ್ಚಿದ ಖೋಲಿಯೊಳಗ ರಾತ್ರಿಯೆಲ್ಲ ಸೊಳ್ಳಿ ಬತ್ತಿ ಹಚ್ಚೋದಕ್ಕಿಂತ ಪರದಿ ಕಟ್ಟೋದು ಭಾಳ ಚಲೋ. ವೈನಿ ಮನ್ಯಾಗ ಈಗ ಗಾಡಿ ಗದ್ದಲ ಇರೋ ಹೊತ್ತಿಗೆ, ಮುಂಜಾನೆ 8ರಿಂದ 11, ಸಂಜೀಕ 5ರಿಂದ 9, ರೋಡಿನ ಕಿಡಕಿ ಮುಚ್ಚತಾರ. ಮಧ್ಯಾಹ್ನ ತಗೀತಾರ. ಅಡಗಿ ಮಾಡೂ ಮುಂದ ಹಿಂದಿನ ಕಿಡಕಿ ತಗದು ಎಕ್ಸಾಸ್ಟ್ ಫ್ಯಾನ್ ಹಾಕತಾರ. ಕಸಾ ಹೊಡದ್ರ ಧೂಳು ಏಳತದ ಅಂತ ರೋಡಿನ ಖೋಲಿಯೊಳಗ ಒದ್ದಿ ಅರಬಿಲೆ ಒರಸತಾರ.

ಗದ್ದಲದ ಮಾತೂ ಅಷ್ಟ. ಗ್ವಾಡಿಗೆ ಗ್ವಾಡಿ ಹತ್ತಿದ ಮನ್ಯಾಗ ಮ್ಯಾಲಿನವರ ಕುರ್ಚಿ ಎಳೆಯೋದು, ಲಿಫ್ಟಿನ ಬಾಗಲ, ಬಾಜೂದವರ ಟಿವಿ. ತಡಿಲಿಕ್ಕೆ ನಮ್ಮ ಕೈಯಾಗ ಇಲ್ಲದ ಸಪ್ಪಳ ಹೆಚ್ಚು ಕಾಡತದ. ಪಲ್ಲಂಗ ಲಿಫ್ಟಿನ ಗ್ವಾಡಿಯಿಂದ ಸರಿಸಿ ಆ ಕಡೆ ಗ್ವಾಡಿಗೆ ಹಾಕಿದ್ರೂ ಫರಕ್ ಬೀಳತದ.

ಖೋಲಿ ಬದಲ ಮಾಡಲಿಕ್ಕೆ ಆಗದವರು ಮೊದಲ ಕಿಡಕಿ ಸಂದಿ ನೋಡ್ರಿ. ಬೆರಳಷ್ಟು ಸಂದಿ ಇದ್ರೂ ಸಪ್ಪಳ ಅಲ್ಲಿಂದ ಒಳಗ ಬರ್ತದ. ಅಂಗಡ್ಯಾಗ ಸಿಗೋ ರಬ್ಬರ್ ಪಟ್ಟಿ ಅಂಟಿಸಿದ್ರ ಸಪ್ಪಳಾನೂ ಧೂಳೂ ಎರಡೂ ಕಡಿಮಿ. ಮುಂದಿನ ಖೋಲಿ ಕಿಡಕಿಗೆ ವೈನಿ ಮಗ ಅದನ್ನ ಮಾಡಿದ. ದಪ್ಪ ಪರದೆ ಹಾಕಿದ್ರ ಲಾರಿಯ ಗುಡುಗುಡು ತಡೀತದ ಅನ್ನೂದು ಖರೇ ಅಲ್ಲ. ಕಿಡಕಿ ಮುಂದ ಎರಡು ಗಿಡದ ಕುಂಡಿ ಇಟ್ರೂ ಅಷ್ಟ. ಕಿವ್ಯಾಗ ಅರಳಿ ಇಟ್ಕೊಂಡ್ರೂ ಸ್ವಲ್ಪನ. ಔಷಧಿ ಅಂಗಡಿಯ ಫೋಮ್ ಬೂಚು, ತಿರಿವಿ ಸಣ್ಣ ಮಾಡಿ ಒಳಗಿಟ್ಟು ಉಬ್ಬೋ ತನಕ ಹಿಡದ್ರ ಕೆಲಸ ಮಾಡತದ. ಕೂಸು, ವಯಸ್ಸಾದವರು ಬಾಜೂಕ ಮಲಗಿದ್ರ ಬ್ಯಾಡ. ಅವರು ಕರದದ್ದು ಕೇಳೂದಿಲ್ಲ.

ಮತ್ತ ಗುಳಿಗಿ ಮಾತ್ರ ಖೋಲಿ ಬದಲ ಮಾಡೀವಂತ ಬಿಡಬ್ಯಾಡ್ರಿ. ಮನ್ಯಾಗ ಬಿಪಿ ನೋಡಿ ಬರಿಯೋರು ಏಳು ದಿನ, ಮುಂಜಾನೆ ಗುಳಿಗಿ ತೊಗೊಳ್ಳೋಕಿಂತ ಮೊದಲ ಎರಡು ಸಲ, ಸಂಜೀಕ ಎರಡು ಸಲ, ನಡುವ ಒಂದು ನಿಮಿಷ ಬಿಟ್ಟು ನೋಡ್ರಿ. ಬೆನ್ನು ಆನಿಸಿ, ಕಾಲು ನೆಲಕ್ಕ ಊರಿ, ಐದು ನಿಮಿಷ ಮಾತಾಡದ ಕೂತ ಮ್ಯಾಲೆ. ಮೊದಲನೇ ದಿನದ್ದು ಬಿಟ್ಟು ಉಳದದ್ದರ ಸರಾಸರಿ 135/85 ಅಥವಾ ಅದಕ್ಕಿಂತ ಮ್ಯಾಲೆ ಬಂದ್ರ ಡಾಕ್ಟರಿಗೆ ತೋರಿಸ್ರಿ. ಅದ ಚೀಟಿಯೊಳಗ ಬಾಜೂಕ ಇನ್ನೊಂದು ಸಾಲು ಗೆರಿ ಎಳದು, ಹಿಂದಿನ ರಾತ್ರಿ ಯಾವ ಖೋಲಿಯೊಳಗ ಮಲಗಿದ್ರಿ, ಕಿಡಕಿ ತಗದಿತ್ತೋ ಮುಚ್ಚಿತ್ತೋ ಅಂತನೂ ಬರೀರಿ.