ಔರಾದಿನಿಂದ ಬೀದರಿಗೆ 600 ಎಂಬಿ

ದೊಡ್ಡ ಫೈಲು ಕಳಿಸೋರಿಗೆಲ್ಲ ಗೊತ್ತಿರೋ ಒಂದು ಸಂಕಟ ಇದೆ. ಪರದೆ ಮೇಲಿನ ಗೆರೆ ತೊಂಬತ್ತೇಳರವರೆಗೆ ತೆವಳುತ್ತೆ, ಸಿಗ್ನಲ್ ಹೋಗುತ್ತೆ, ಆಮೇಲೆ ಮತ್ತೆ ಸೊನ್ನೆ! ನಮ್ಮ ಕಾಕಾನ ಮಗ ಭಾಲ್ಕಿಯಲ್ಲಿ ಮದುವೆ ಫೋಟೋ, ವಿಡಿಯೋ ತೆಗೀತಾನೆ. ಔರಾದ್ ಕಡೆ ಹಳ್ಳಿಗಳಲ್ಲಿ ಶೂಟಿಂಗ್ ಮುಗಿಸಿ ಬಸ್ಸಿನಲ್ಲಿ ಬರುತ್ತಲೇ ಬೀದರಿನಲ್ಲಿ ಎಡಿಟಿಂಗ್ ಮಾಡೋರಿಗೆ ಕ್ಲಿಪ್ ಕಳಿಸೋದು ಅವನ ಪದ್ಧತಿ. "ಅಣ್ಣಾ, ಮೂರು ಸಲ ಆತು, ಮತ್ತ ಸೊನ್ನಿಗೇ ಹೋಗ್ಯಾದ ನೋಡ್ರಿ. ನೆಟ್ ಖಾಲಿ, ಕೆಲಸ ಮಾತ್ರ ಆಗಿಲ್ಲ" ಅಂತ ಫೋನ್ ಮಾಡಿದ್ದ.

ಲೆಕ್ಕ ಹಾಕಿ ನೋಡಿದೆ. ಒಂದು ಕ್ಲಿಪ್ 600 ಎಂಬಿ. ದಾರಿಯಲ್ಲಿ ಅಪ್‌ಲೋಡ್ ವೇಗ 2 ಎಂಬಿಪಿಎಸ್ ಸಿಕ್ಕಿತು ಅಂದ್ಕೊಳ್ಳಿ. ಅಂದ್ರೆ ಸೆಕೆಂಡಿಗೆ ಕಾಲು ಎಂಬಿ, ಒಟ್ಟು 40 ನಿಮಿಷ. ಬಸ್ಸು ಓಡುವಾಗ 40 ನಿಮಿಷ ಒಂದೇ ಸಮ ಸಿಗ್ನಲ್ ಸಿಗೋದು ಕನಸಿನ ಮಾತು. 400 ಎಂಬಿ ಹೋದಮೇಲೆ ತುಂಡಾಗಿ, ಹೀಗೇ ಮೂರು ಸಲ ಆದರೆ 1200 ಎಂಬಿ ಖರ್ಚು. ಅವನದ್ದು ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್. ದಿನದ ಡೇಟಾ ಹೆಚ್ಚುಕಮ್ಮಿ ಮುಗೀತು, ತಲುಪಿದ್ದು ಮಾತ್ರ ಏನೂ ಇಲ್ಲ.

ಸರಿ, ಅವನಿಗೋಸ್ಕರ ಒಂದು ಪುಟ್ಟ ಆಂಡ್ರಾಯ್ಡ್ ಆಪ್ ಬರೆದುಕೊಟ್ಟೆ. ಇದಕ್ಕೆ ಹೊಸದಾಗಿ ಏನೂ ಕಂಡುಹಿಡಿಯಬೇಕಿಲ್ಲ. ಟಸ್ ಅನ್ನೋ ಮುಕ್ತ ಪ್ರೋಟೋಕಾಲ್ ಇದೆ. ವಿಮಿಯೋ ತರಹದ ವಿಡಿಯೋ ತಾಣಗಳೂ ಅದನ್ನೇ ಬಳಸುತ್ತವೆ. ಅದರ ತಿರುಳು ಇಷ್ಟೇ: ಎಷ್ಟು ತಲುಪಿದೆ ಅಂತ ಹೇಳುವ ಅಧಿಕಾರ ಸರ್ವರಿಗೆ ಮಾತ್ರ, ಫೋನಿಗಿಲ್ಲ.

ಮೊದಲು ಫೋನು ಒಂದು `POST` ಕಳಿಸಿ "600 ಎಂಬಿ ಬರ್ತಾ ಇದೆ" ಅನ್ನುತ್ತೆ. ಸರ್ವರು ಆ ಫೈಲಿಗೆ ಅಂತ ಒಂದು ವಿಳಾಸ ಕೊಡುತ್ತೆ. ಆ ವಿಳಾಸವನ್ನು ಫೋನಿನ ಡೇಟಾಬೇಸಿನಲ್ಲಿ ಬರೆದಿಟ್ಟುಕೊಂಡೇ ಮುಂದಿನ ಮಾತು. ಯಾಕಂದ್ರೆ ಆಪ್ ಸತ್ತು ಮತ್ತೆ ಹುಟ್ಟಿದಾಗ ಅದಕ್ಕೆ ನೆನಪಿರೋದು ಅದೊಂದೇ. ಆಮೇಲೆ ಫೈಲನ್ನು 4 ಎಂಬಿಯ ತುಂಡುಗಳಾಗಿ `PATCH` ಮಾಡುತ್ತಾ ಹೋಗೋದು. ನಮ್ಮ ಕ್ಲಿಪ್ಪಿಗೆ 150 ತುಂಡು, ಒಂದೊಂದಕ್ಕೆ ಸುಮಾರು 16 ಸೆಕೆಂಡು. ಪ್ರತಿ ತುಂಡು ಮುಗಿದಾಗ ಸರ್ವರು ಇಲ್ಲಿವರೆಗೆ ಎಷ್ಟು ಬೈಟ್ ಸೇರಿತು ಅಂತ ಉತ್ತರ ಕೊಡುತ್ತೆ.

ಈಗ ಸಂತಪೂರ ದಾಟಿದ ಮೇಲೆ ಎಲ್ಲೋ ಸಿಗ್ನಲ್ ಹೋಯ್ತು ಅಂದ್ಕೊಳ್ಳಿ. 102 ತುಂಡಿಗೆ ಉತ್ತರ ಬಂದಿದೆ, ಅಂದ್ರೆ 408 ಎಂಬಿ. 103ನೇ ತುಂಡಿನಲ್ಲಿ ಫೋನು ತನ್ನ ಲೆಕ್ಕದ ಪ್ರಕಾರ 3 ಎಂಬಿ ಕಳಿಸಿಯಾಗಿದೆ, ಹಾಗಾಗಿ ಅದು 411 ಅನ್ನುತ್ತೆ. ಆದರೆ ಅದರಲ್ಲಿ ಒಂದಿಷ್ಟು ಫೋನಿನ ಬಫರಿನಲ್ಲೇ ಕೂತಿತ್ತು, ಟವರಿನತನಕ ಹೋಗಲೇ ಇಲ್ಲ. ಹಾಗಾದ್ರೆ ನಿಜ ಯಾವುದು? ಸಿಗ್ನಲ್ ಬಂದ ತಕ್ಷಣ ಕೇಳಬೇಕು:

```
HEAD /files/24e5 HTTP/1.1
Tus-Resumable: 1.0.0

HTTP/1.1 200 OK
Tus-Resumable: 1.0.0
Upload-Offset: 429916160
Upload-Length: 629145600
Cache-Control: no-store
```

429916160 ಬೈಟ್ ಅಂದ್ರೆ ಸರಿಯಾಗಿ 410 ಎಂಬಿ. ಅರ್ಧ ಬಂದ ತುಂಡನ್ನೂ ಸರ್ವರು ಎಸೆಯದೆ ಇಟ್ಟುಕೊಂಡಿದೆ. ಇನ್ನು 190 ಎಂಬಿ ಕಳಿಸಿದರಾಯ್ತು, ದಂಡ ಆಗಿದ್ದು ಒಂದು ಎಂಬಿ. ಫೋನು ತನ್ನ 411ನ್ನೇ ನಂಬಿ ಅಲ್ಲಿಂದ ಶುರು ಮಾಡಿದ್ರೆ ಟಸ್ ಸರ್ವರು `409 Conflict` ಅಂತ ವಾಪಸ್ ಕಳಿಸುತ್ತೆ. ಈ ತಪಾಸಣೆ ಇಲ್ಲದ ಕಡೆ ವಿಡಿಯೋದ ನಡುವೆ ಒಂದು ಎಂಬಿಯ ತೂತು ಬೀಳುತ್ತೆ, ಅದು ಗೊತ್ತಾಗೋದು ತಾಳಿ ಕಟ್ಟುವ ಹೊತ್ತಿಗೆ ಚಿತ್ರ ಒಡೆದಾಗಲೇ :(

ಇನ್ನೊಂದು ವಿಚಿತ್ರ ಇದೆ. ಕೆಲವೊಮ್ಮೆ ತಕ್ಷಣ ಮತ್ತೆ ಕಳಿಸಹೋದರೆ `423 Locked` ಬರುತ್ತೆ. ಫೋನಿಗೆ ಸಂಪರ್ಕ ಹೋಗಿದ್ದು ಗೊತ್ತು, ಸರ್ವರಿಗೆ ಗೊತ್ತಿಲ್ಲ. ಅದು ಹಳೆಯ ಸಂಪರ್ಕ ಹಿಡಿದುಕೊಂಡು ಇನ್ನೂ ಕಾಯ್ತಾ ಇರುತ್ತೆ. ಫೈಲು ಕೆಟ್ಟಿದೆ ಅಂತ ತಿಳ್ಕೋಬಾರದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದ್ರೆ ಸಾಕು.

ಸರ್ವರಿನ ಮುಂದೆ ಎಂಜಿನ್‌ಎಕ್ಸ್ ಇಟ್ಟಿದ್ದರೆ ಅದನ್ನೂ ನೋಡಿಕೊಳ್ಳಬೇಕು. ಅದು ಸುಮ್ಮನೆ ಬಿಟ್ಟರೆ ಬಂದ ತುಂಡನ್ನು ಪೂರ್ತಿ ತನ್ನಲ್ಲೇ ಕೂಡಿಸಿಕೊಂಡು ಆಮೇಲೆ ಒಳಗೆ ದಾಟಿಸುತ್ತೆ. ನಡುವೆ ತುಂಡಾದರೆ ಕೂಡಿಸಿದ್ದೂ ಹೋಯ್ತು. ಗುರುತು ಹಿಡಿಯೋದು ಸುಲಭ: ಎಲ್ಲಿ ಕಡಿದರೂ `HEAD` ಉತ್ತರ ಯಾವಾಗಲೂ 4 ಎಂಬಿಯ ಮಗ್ಗಿಯಲ್ಲೇ ಬರುತ್ತೆ, 410 ಅಂತ ಎಂದೂ ಬರಲ್ಲ. ಮೇಲಾಗಿ 1 ಎಂಬಿಗಿಂತ ದೊಡ್ಡದನ್ನು ಅದು ಮೊದಲಿಗೆ ಒಳಗೇ ಬಿಡಲ್ಲ, `413` ಅನ್ನುತ್ತೆ. ಎರಡಕ್ಕೂ ಮದ್ದು ಇಲ್ಲಿದೆ:

```
proxy_request_buffering off;
client_max_body_size 0;
```

ಇನ್ನು ಫೋನು ಜೇಬಿನಲ್ಲಿದ್ದಾಗಲೂ ಕೆಲಸ ನಡೆಯಬೇಕಲ್ಲ. ಅದಕ್ಕೆ ಆಂಡ್ರಾಯ್ಡಿನ ವರ್ಕ್‌ಮ್ಯಾನೇಜರ್ ಇದೆ. ಆದರೆ ಮಾಮೂಲಿ ಕೆಲಸಕ್ಕೆ ಅದು ಒಂದು ಸಲಕ್ಕೆ ಸುಮಾರು 10 ನಿಮಿಷಕ್ಕಿಂತ ಜಾಸ್ತಿ ಕೊಡಲ್ಲ, ನಮ್ಮದು 40 ನಿಮಿಷದ್ದು. ನೋಟಿಫಿಕೇಶನ್ ತೋರಿಸಿಕೊಂಡು ಜಾಸ್ತಿ ಹೊತ್ತು ಓಡಬಹುದು. ಆದರೂ ಬ್ಯಾಟರಿ ಉಳಿಸೋ ನೆಪದಲ್ಲಿ ಕೆಲವು ಫೋನು ಕತ್ತು ಹಿಸುಕೇ ಹಿಸುಕುತ್ತವೆ. ಅದಕ್ಕೇ ಪ್ರತಿ ಸಲ ಎದ್ದಾಗಲೂ ಮೊದಲ ಕೆಲಸ `HEAD` ಅಂತ ಇಟ್ಟೆ. ಸಿಗ್ನಲ್ ಹೋಗಿದ್ದಕ್ಕೂ ಆಪ್ ಸತ್ತಿದ್ದಕ್ಕೂ ಒಂದೇ ಔಷಧಿ.

ಮರುಪ್ರಯತ್ನದಲ್ಲಿ ಮಾತ್ರ ಒಂದು ಬಲೆ ಇದೆ. ವರ್ಕ್‌ಮ್ಯಾನೇಜರಿನ ಕಾಯುವ ಹೊತ್ತು 30 ಸೆಕೆಂಡಿಗೆ ಶುರುವಾಗಿ, ಸೋತಹಾಗೆಲ್ಲ ದುಪ್ಪಟ್ಟಾಗುತ್ತಾ 5 ಗಂಟೆಯವರೆಗೂ ಹೋಗಬಲ್ಲದು. ಹತ್ತು ಸಲ ಸೋತು, ಬೀದರ್ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಸಿಗ್ನಲ್ ಗರಿಷ್ಠ ಇದ್ದರೂ ಆಪ್ ಮಲಗಿರುತ್ತೆ! ಅದಕ್ಕೆ ಒಂದೇ ಒಂದು ತುಂಡು ಸೇರಿದರೂ ಹಳೆಯ ಕೆಲಸ ಮುಗಿಸಿ ಹೊಸದಾಗಿ ಹಚ್ಚೋದು, ಎಣಿಕೆ ಮತ್ತೆ ಮೊದಲಿಂದ ಶುರುವಾಗುತ್ತೆ. ಇನ್ನೊಂದು, ಕಡ್ಡಿ ತೋರಿಸಿಯೂ ಡೇಟಾ ಹರಿಯದ ಜಾಗಗಳು. ಅಲ್ಲಿ ಫೋನು "ಸಂಪರ್ಕ ಇದೆ" ಅಂತಲೇ ಹೇಳ್ತಾ ಇರುತ್ತೆ. ಅರ್ಧ ನಿಮಿಷ ಒಂದು ಬೈಟೂ ಕದಲದಿದ್ದರೆ ನಾವೇ ಸಂಪರ್ಕ ಕಡಿದು ಹೊಸದಾಗಿ ಕೇಳೋದು ವಾಸಿ.

ಪರದೆಯಲ್ಲಿ ಶೇಕಡಾ ಲೆಕ್ಕ ತೆಗೆದುಹಾಕಿ "600ರಲ್ಲಿ 408 ಎಂಬಿ ಸೇರಿದೆ, ಸಿಗ್ನಲ್‌ಗೆ ಕಾಯ್ತಾ ಇದೆ" ಅಂತ ಬರೆದೆ. ತೋರಿಸೋದು ಸರ್ವರು ಒಪ್ಪಿದ ಸಂಖ್ಯೆ ಮಾತ್ರ. ಗೆರೆ ಮೆಲ್ಲಗೆ, 4-4ರಂತೆ ಹೋಗುತ್ತೆ, ಆದರೆ ಹಿಂದಕ್ಕೆ ಬರಲ್ಲ. "ಹಳೇದು ಜೋರ್ ಓಡ್ತಿತ್ತು ಅಣ್ಣಾ, ಇದು ನಿಧಾನ ಅದ. ಖರೇ ಹೇಳ್ತದ ಮಾತ್ರ" ಅಂದ ತಮ್ಮ.

ಅವನಿಗೆ ಒಂದು ಮಾತು ಗಟ್ಟಿಯಾಗಿ ಹೇಳಿದ್ದೇನೆ. 600ಕ್ಕೆ 600 ಸೇರಿತು ಅಂದ ಕೂಡಲೇ ಕ್ಯಾಮೆರಾದ ಕಾರ್ಡು ಅಳಿಸಬಾರದು. ಬೈಟುಗಳ ಎಣಿಕೆ ಸರಿ ಇದ್ದರೂ ಒಳಗಿನ ಬೈಟು ಸರಿ ಇವೆ ಅಂತ ಖಾತ್ರಿ ಇಲ್ಲ. ಫೋನಿನ ಫೈಲಿನ ಎಸ್‌ಎಚ್‌ಎ-256 ಮೊತ್ತ, ಸರ್ವರಿನ ಫೈಲಿನ ಮೊತ್ತ ಎರಡೂ ತಾಳೆ ಆದಮೇಲೆ ಮಾತ್ರ ಪರದೆಯಲ್ಲಿ ಹಸಿರು ಬಣ್ಣ ಬರುತ್ತೆ. ಕಾರ್ಡು ಖಾಲಿ ಮಾಡೋದು ಆಮೇಲೆ. ಫೈಲನ್ನು ಇನ್ನೊಮ್ಮೆ ಕಳಿಸಬಹುದು, ಮದುವೆನ ಇನ್ನೊಮ್ಮೆ ಮಾಡಿ ಅನ್ನೋಕಾಗುತ್ಯೇ?