ಯಾರು, ಯಾವತ್ತು

ಸೋಮವಾರ, ಜೂನ್ 2, 2025. ಪೀಣ್ಯ

ಪಂಪ್ ಕವರಿನ ಬೋರ್ ಅಳತೆ ಮೀರಿ ವಾಪಸ್ ಬಂದ ಲಾಟಿನದೇ ಮೀಟಿಂಗು. ಶಾಪ್‌ಫ್ಲೋರಿನವರು ಕನ್ನಡದಲ್ಲಿ, ಡಿಸೈನಿನವರು ಇಂಗ್ಲಿಷಿನಲ್ಲಿ. ನನ್ನ ನೋಟ್ಸ್ ಎರಡರ ಕಲಸುಮೇಲೋಗರ. ಊಟಕ್ಕೆ ಮುಂಚೆಯೇ ಕೂತು ಸಾಲುಗಳ ಪಕ್ಕ ತೀರ್ಮಾನ, ಕೆಲಸ, ಬಾಕಿ ಅಂತ ಗುರುತು ಹಾಕಿದೆ. ಮೂರಕ್ಕೂ ಸೇರದ ಚರ್ಚೆಯನ್ನು ಹೊಡೆದುಹಾಕಿದೆ.

ಒಂದು ಸಾಲು ಹೀಗಿತ್ತು: ‘ಗೇಜ್ ಕ್ಯಾಲಿಬ್ರೇಷನ್, ಶುಕ್ರವಾರದೊಳಗೆ, ಸ್ಟೋರ್ಸ್/ಕ್ಯೂಸಿ’. ಇಬ್ಬರ ತಲೆಗೆ ಕಟ್ಟಿದ ಕೆಲಸ ಯಾರದೂ ಅಲ್ಲ. ಕ್ಯೂಸಿ ಮೇಡಂಗೆ ಫೋನ್ ಮಾಡಿದೆ. “ಲ್ಯಾಬಿಗೆ ಕಳಿಸೋದು ಸ್ಟೋರ್ಸಿನವರು ಸರ್, ಸರ್ಟಿಫಿಕೇಟ್ ನೋಡಿ ಸೈನ್ ಹಾಕೋದು ನಾನು” ಅಂದರು. ಆ ಸಾಲನ್ನು ಎರಡು ಮಾಡಿದೆ:

1. ಗೇಜ್ ಲ್ಯಾಬಿಗೆ ಕಳಿಸುವುದು: ಸ್ಟೋರ್ಸ್ ಇನ್‌ಚಾರ್ಜ್, ಮಂಗಳವಾರ, ಜೂನ್ 3, ಸಂಜೆ 4. ಗೇಟ್‌ಪಾಸ್ ಆದರೆ ಮುಗಿದಂತೆ.
2. ಸರ್ಟಿಫಿಕೇಟ್ ಪರಿಶೀಲನೆ: ಕ್ಯೂಸಿ ಎಂಜಿನಿಯರ್, ಶುಕ್ರವಾರ, ಜೂನ್ 6, ಮಧ್ಯಾಹ್ನ 12. ಅದರ ನಂಬರ್ ಗೇಜ್ ರಿಜಿಸ್ಟರಿಗೆ ಏರಿದರೆ ಮುಗಿದಂತೆ.

ಈ ಪಟ್ಟಿಯನ್ನು ಎಲ್ಲರಿಗೂ ಕಳಿಸಿದ ಮೇಲ್‌ನಲ್ಲಿ ಹುದ್ದೆಯ ಪಕ್ಕ ಅವರವರ ಹೆಸರೂ ಹಾಕಿದೆ. ಮೀಟಿಂಗಿನಲ್ಲಿ ಬಂದ ಹೊಸ ಟೂಲ್ ಕೊಳ್ಳುವ ಮಾತನ್ನು ಯಾರೂ ಒಪ್ಪಿಕೊಂಡಿರಲಿಲ್ಲ. ಸುಮ್ಮನೆ ಯಾರ ಹೆಸರಿಗಾದರೂ ಹಚ್ಚುವುದು ಸರಿಯಲ್ಲ ಅಂತ ಅದನ್ನು ‘ಬಾಕಿ’ ಕೆಳಗೆ ಬಿಟ್ಟೆ.

ಮಂಗಳವಾರ, ಜೂನ್ 3

ಕನ್ನಡಕ್ಕೊಂದು, ಇಂಗ್ಲಿಷಿಗೊಂದು ಮೇಲ್ ಕಳಿಸಿ ಅಂತ ಮ್ಯಾನೇಜರ್ ಸಲಹೆ. ನಾನು ಒಪ್ಪಲಿಲ್ಲ. ನಾಳೆ ಒಂದು ತಾರೀಖು ಬದಲಾದರೆ ಒಂದರಲ್ಲಿ ತಿದ್ದಿ ಇನ್ನೊಂದರಲ್ಲಿ ಮರೆಯುತ್ತೇವೆ. ಒಂದೇ ಪಟ್ಟಿ ಇರಲಿ. ಮಾಡುವವರ ಭಾಷೆ ಮೇಲೆ, ಇನ್ನೊಂದು ಭಾಷೆ ಅದರ ಕೆಳಗೆ. ತಾರೀಖಿಗೆ ಮಾತ್ರ ಒಂದೇ ಕಾಲಂ. 05/06 ಅಂತ ಬರೆದರೆ ಜೂನ್ ಐದೋ ಮೇ ಆರೋ ಅನ್ನುವ ಅನುಮಾನ ಬರುತ್ತದೆ, ಹಾಗಾಗಿ ತಿಂಗಳನ್ನು ಅಕ್ಷರದಲ್ಲೇ ಬರೆದೆ. ಡ್ರಾಯಿಂಗಿನ ಮೇಲಿರುವ Rev C ಅನ್ನು ಎರಡು ಭಾಷೆಯಲ್ಲೂ ಹಾಗೇ ಇಟ್ಟೆ. ಮೆಷಿನ್ ಹತ್ತಿರ ನಿಂತವರು ಹುಡುಕುವುದು ಆ ಮುದ್ರೆಯನ್ನೇ.

ಡಿಸೈನಿನವರ ಸಾಲು ‘ಹೊಸ ಡ್ರಾಯಿಂಗ್ ಬಿಡುಗಡೆ’ ಅಂತಷ್ಟೇ ಇತ್ತು. ಮೇಸ್ತ್ರಿ ಓದಿ, “ಹಳೇದನ್ನ ಮೆಷಿನ್ನಿಂದ ತೆಗೆಯೋರು ಯಾರು ಸಾರ್?” ಅಂತ ಕೇಳಿದರು. ನೀವೇ ತೆಗೀತೀರಾ ಅಂದೆ, ಒಪ್ಪಿದರು. ಅವರ ಹೆಸರಲ್ಲಿ ಕನ್ನಡದಲ್ಲೇ ಇನ್ನೊಂದು ಸಾಲು ಸೇರಿಸಿ, ಅದೇ ಮೇಲ್‌ಗೆ ಉತ್ತರವಾಗಿ ಎಲ್ಲರಿಗೂ ಪೂರ್ತಿ ಪಟ್ಟಿ ಕಳಿಸಿದೆ.

ಶುಕ್ರವಾರ, ಜೂನ್ 6

ಗೇಜ್ ಮಂಗಳವಾರವೇ ಹೋಗಿತ್ತು. ಲ್ಯಾಬ್ ತಡಮಾಡಿದ್ದರಿಂದ ಸರ್ಟಿಫಿಕೇಟ್ ಬಂದಿಲ್ಲ. ಹನ್ನೊಂದು ಗಂಟೆಗೇ ಕ್ಯೂಸಿ ಮೇಡಂ, “ಸೋಮವಾರ, ಜೂನ್ 9ಕ್ಕೆ ಮಾಡಿ” ಅಂತ ಬರೆದರು. ಪಟ್ಟಿಯಲ್ಲಿ ಹಳೆಯ ತಾರೀಖಿಗೆ ಗೀಟೆಳೆದು ಪಕ್ಕದಲ್ಲೇ ಹೊಸದನ್ನು ಹಾಕಿದೆ; ಅಳಿಸಿದ್ದರೆ ಎಷ್ಟು ತಡವಾಯಿತೆಂಬುದು ಗೊತ್ತಾಗುತ್ತಿರಲಿಲ್ಲ. ಗಡುವು ತಪ್ಪುವ ಮೊದಲೇ ಕೆಲಸ ಹೊತ್ತವರೇ ಬಾಯಿ ಬಿಟ್ಟು ಹೇಳಿದರೆ ಮೇಲ್ ಕೆಲಸ ಮಾಡಿದೆ ಅಂತಲೇ ಲೆಕ್ಕ.